ನನ್ನ ಪ್ರಸ್ತಾವನೆಗೆ ಬೇಲಿ ಹಾಕಿದ್ದು ಹೇಗೆ: ಪ್ರಾಕ್ಕಲ್ಪನೆ, ಪರಿಮಿತಿ ಮತ್ತು ಪರೀಕ್ಷಕರ ಪ್ರಶ್ನೆಗಳು

"ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಬೋಧನೆ ನೀಡಿದರೆ ಗರ್ಭಿಣಿಯರಲ್ಲಿ ರಕ್ತಹೀನತೆ ಕಡಿಮೆಯಾಗುತ್ತದೆ."

ಎಂ.ಎಸ್ಸಿ. ನರ್ಸಿಂಗ್ ಓದುವಾಗ ನನ್ನ ಸಂಶೋಧನಾ ಪ್ರಸ್ತಾವನೆಯಲ್ಲಿ ನಾನು ಮೊದಲು ಬರೆದ ಪ್ರಾಕ್ಕಲ್ಪನೆ, ಅಂದರೆ ಅಧ್ಯಯನದಲ್ಲಿ ಪರೀಕ್ಷಿಸಬೇಕಾದ ಊಹೆ, ಇದು. ಸಮುದಾಯ ಆರೋಗ್ಯ ನನ್ನ ವಿಷಯ. ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿ ಬಂದಿದ್ದೆ. ಮಾತ್ರೆ ಪಡೆದು ಹೋಗುವವರೆಲ್ಲ ಅದನ್ನು ನುಂಗುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೆ. ಪ್ರಸ್ತಾವನೆ ಮಂಡಿಸಿದ ದಿನ ಸಮಿತಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಈ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ನೀನು ಅಳೆಯುವುದು ಮಾತ್ರೆಯನ್ನೋ ರಕ್ತವನ್ನೋ, ಹೇಳಮ್ಮ."

ಉತ್ತರ ನನ್ನಲ್ಲಿರಲಿಲ್ಲ. ಬೋಧನೆಯಿಂದ ಹಿಡಿದು ರಕ್ತದ ಹಿಮೋಗ್ಲೋಬಿನ್ ಏರುವವರೆಗೆ ದಾರಿ ಉದ್ದವಿದೆ. ತಾಯಿ ಹೇಳಿದ್ದನ್ನು ಕೇಳಬೇಕು, ನೆನಪಿಡಬೇಕು, ಮಾತ್ರೆ ನುಂಗಬೇಕು, ಅದನ್ನು ಕಾಫಿ ಟೀ ಜೊತೆ ಸೇವಿಸದಿರಬೇಕು, ಹೊಟ್ಟೆಯಲ್ಲಿ ಕೊಕ್ಕೆಹುಳು ಇರಬಾರದು. ಇಷ್ಟೆಲ್ಲ ಸರಿಯಿದ್ದರೂ ಗರ್ಭಿಣಿಯ ದೇಹದಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತಾ ಹೋಗುವುದರಿಂದ ಎರಡನೇ ತ್ರೈಮಾಸಿಕದಲ್ಲಿ ಹಿಮೋಗ್ಲೋಬಿನ್ ಮಟ್ಟ ತಾನಾಗಿಯೇ ಇಳಿಯುತ್ತದೆ. ನನಗೆ ದತ್ತಾಂಶ ಸಂಗ್ರಹಕ್ಕೆ ಸಿಗುವುದು ಸುಮಾರು ಒಂದು ತಿಂಗಳು. ಒಬ್ಬ ತಾಯಿ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದ್ದರೂ ಅವಳ ಹಿಮೋಗ್ಲೋಬಿನ್ ಏರದೇ ಇರಬಹುದು. ಆಗ ನನ್ನ ಬೋಧನೆ ಸೋತಿತು ಎನ್ನಬೇಕೇ, ಗೆದ್ದಿತು ಎನ್ನಬೇಕೇ? ಆ ವಾಕ್ಯ ಯಾವ ಕಡೆಗೂ ತೀರ್ಪು ಕೊಡಲಾರದು.

ಪರೀಕ್ಷಕರು ಪ್ರಾಕ್ಕಲ್ಪನೆಯಲ್ಲಿ ಮೊದಲು ನೋಡುವುದು ಇದನ್ನೇ. ಈ ಸಾಲು ಸುಳ್ಳಾಗಲು ಸಾಧ್ಯವೇ, ಸುಳ್ಳಾದರೆ ಅದು ಯಾವ ಕೋಷ್ಟಕದಲ್ಲಿ ಕಾಣಿಸುತ್ತದೆ? ಮಾರ್ಗದರ್ಶಕರ ಕೊಠಡಿಯಲ್ಲಿ ಕುಳಿತು ನಾನು ಆ ವಾಕ್ಯವನ್ನು ಐದಾರು ಸಲ ತಿದ್ದಿದೆ. ಕೊನೆಗೆ ಉಳಿದದ್ದು ಹೀಗೆ: "ಯೋಜಿತ ಬೋಧನೆ ಪಡೆದ ಗರ್ಭಿಣಿಯರು 30 ದಿನಗಳಲ್ಲಿ ಸೇವಿಸಿದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಮಾತ್ರೆಗಳ ಸರಾಸರಿ ಸಂಖ್ಯೆ, ವಾಡಿಕೆಯ ಸಲಹೆಯನ್ನಷ್ಟೇ ಪಡೆದ ಗರ್ಭಿಣಿಯರ ಸರಾಸರಿಗಿಂತ 0.05 ಮಟ್ಟದಲ್ಲಿ ಗಣನೀಯವಾಗಿ ಹೆಚ್ಚಿರುತ್ತದೆ."

ಓದಲು ಒರಟಾದ ವಾಕ್ಯ. ಆದರೆ ಯಾರನ್ನು ಯಾರೊಂದಿಗೆ ಹೋಲಿಸುತ್ತೇನೆ, ಏನನ್ನು ಎಣಿಸುತ್ತೇನೆ, ಎಷ್ಟು ದಿನ, ವ್ಯತ್ಯಾಸ ಯಾವ ದಿಕ್ಕಿನಲ್ಲಿ ಎಂಬುದೆಲ್ಲ ಅದರಲ್ಲೇ ಇದೆ. ಎರಡು ಪ್ರತ್ಯೇಕ ಗುಂಪುಗಳ ಸರಾಸರಿಯ ಹೋಲಿಕೆ ಎಂದಾದ ಮೇಲೆ ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಬೇಕೆಂಬ ಗೊಂದಲವೂ ಹೋಯಿತು. ಇದರ ಶೂನ್ಯ ಪ್ರಾಕ್ಕಲ್ಪನೆ, ಅಂದರೆ "ಎರಡೂ ಗುಂಪುಗಳ ಸರಾಸರಿಯಲ್ಲಿ ಗಣನೀಯ ವ್ಯತ್ಯಾಸವಿರುವುದಿಲ್ಲ" ಎಂಬುದನ್ನೂ ಕೆಳಗೆ ಬರೆದೆ. ಲೆಕ್ಕದಲ್ಲಿ ನಾವು ನಿಜವಾಗಿ ಪರೀಕ್ಷೆಗೊಡ್ಡುವುದು ಅದನ್ನೇ.

ಎರಡನೇ ಪ್ರಾಕ್ಕಲ್ಪನೆಯನ್ನು ನಾನು ಹಳೆಯ ಪ್ರಬಂಧಗಳನ್ನು ನೋಡಿ ಬರೆದಿದ್ದೆ. "ಮಾತ್ರೆ ಸೇವನೆಗೂ ಆಯ್ದ ಸಾಮಾಜಿಕ ಅಂಶಗಳಿಗೂ ಸಂಬಂಧವಿರುತ್ತದೆ" ಎಂಬ ಸಾಲು ನಮ್ಮ ಗ್ರಂಥಾಲಯದ ಬಹುತೇಕ ಪ್ರಬಂಧಗಳಲ್ಲಿತ್ತು. ನಾನು ವಯಸ್ಸು, ಶಿಕ್ಷಣ, ಆದಾಯ, ಧರ್ಮ, ಕುಟುಂಬದ ಬಗೆ, ಉದ್ಯೋಗ ಹೀಗೆ ಒಂಬತ್ತು ಅಂಶಗಳನ್ನು ಪಟ್ಟಿ ಮಾಡಿದ್ದೆ. ಅದೇ ಪ್ರಾಧ್ಯಾಪಕಿ ಹಾಳೆಯ ಅಂಚಿನಲ್ಲಿ ಸಣ್ಣದೊಂದು ಲೆಕ್ಕ ಮಾಡಿ ತೋರಿಸಿದರು. 0.05 ಮಟ್ಟ ಎಂದರೆ, ನಿಜವಾಗಿ ಸಂಬಂಧವಿಲ್ಲದಿದ್ದರೂ ಒಂದು ಪರೀಕ್ಷೆಯಲ್ಲಿ ಬರೀ ಆಕಸ್ಮಿಕವಾಗಿ ಅದು ಕಾಣಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 5. ಒಂದಕ್ಕೊಂದು ಸಂಬಂಧವಿಲ್ಲದ ಒಂಬತ್ತು ಪರೀಕ್ಷೆ ಮಾಡಿದರೆ ಕನಿಷ್ಠ ಒಂದರಲ್ಲಾದರೂ ಹಾಗಾಗುವ ಸಾಧ್ಯತೆ ನೂರಕ್ಕೆ 37. ನಿಜವಾಗಿ ಏನೂ ಇಲ್ಲದಿದ್ದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ "ಸಂಬಂಧ ಸಿಕ್ಕಿತು" ಎಂದು ಬರೆದುಬಿಡುತ್ತೇವೆ. ಜೊತೆಗೆ ನನ್ನ ಮಾದರಿಯ 60 ಜನರನ್ನು ಐದು ಆದಾಯ ವರ್ಗಗಳಿಗೆ ಹಂಚಿದರೆ ಕೋಷ್ಟಕದ ಕೆಲವು ಚೌಕಗಳಲ್ಲಿ ಇಬ್ಬರು ಮೂವರು ಮಾತ್ರ ಉಳಿಯುತ್ತಾರೆ. ಇಂಥ ಸಂಬಂಧವಿದೆಯೇ ಎಂದು ನೋಡಲು ಬಳಸುವ ಕೈ-ಸ್ಕ್ವೇರ್ ಪರೀಕ್ಷೆ ಅಷ್ಟು ಸಣ್ಣ ಸಂಖ್ಯೆಯ ಮೇಲೆ ನಿಲ್ಲುವುದಿಲ್ಲ.

ಎರಡೇ ಅಂಶ ಉಳಿಸಿಕೊಂಡೆ. ಒಂದು, ಇದು ಚೊಚ್ಚಲ ಬಸಿರೋ ಅಲ್ಲವೋ ಎಂಬುದು. ಮೊದಲ ಬಸಿರಿನಲ್ಲಿ ಮಾತ್ರೆಯಿಂದ ವಾಕರಿಕೆ, ಮಲಬದ್ಧತೆ ಅನುಭವಿಸಿದವರು ಎರಡನೇ ಸಲ ಅದನ್ನು ಮುಟ್ಟಲು ಹಿಂಜರಿಯುವುದನ್ನು ಕಂಡಿದ್ದೆ. ಇನ್ನೊಂದು ತಾಯಿಯ ಶಿಕ್ಷಣ. ಎರಡಕ್ಕೂ ಏಕೆ ಎಂಬ ಕಾರಣವನ್ನು ಒಂದೊಂದು ಸಾಲಿನಲ್ಲಿ ಬರೆದೆ. ಕಾರಣ ಬರೆಯಲು ಬಾರದ ಅಂಶವನ್ನು ಪ್ರಾಕ್ಕಲ್ಪನೆಗೆ ಸೇರಿಸಬಾರದು ಎಂದು ನಾನು ಈಗಲೂ ನಂಬಿದ್ದೇನೆ.

ಇನ್ನು ಪರಿಮಿತಿ. ಇಲ್ಲಿ ಎರಡು ಪದಗಳನ್ನು ಬಹಳಷ್ಟು ವಿದ್ಯಾರ್ಥಿಗಳು ಬೆರೆಸಿಬಿಡುತ್ತಾರೆ. ನಾನಾಗಿ ಆಯ್ದು ಹಾಕಿಕೊಂಡ ಬೇಲಿ ಪರಿಮಿತಿ. ನಾನು ಬಯಸದಿದ್ದರೂ ಅಧ್ಯಯನಕ್ಕೆ ಅಂಟಿಕೊಂಡು ಬರುವ ಕೊರತೆ ಮಿತಿ. ಪರಿಮಿತಿಗೆ ಕಾರಣ ಕೊಡಬೇಕು, ಮಿತಿಯನ್ನು ಒಪ್ಪಿಕೊಳ್ಳಬೇಕು. ನನ್ನ ಮೊದಲ ಕರಡಿನಲ್ಲಿ ಪರಿಮಿತಿ ಎಂಬ ಶೀರ್ಷಿಕೆಯ ಕೆಳಗೆ "ಸಮಯದ ಅಭಾವವಿದೆ, ಮಾದರಿ ಚಿಕ್ಕದು" ಎಂದಷ್ಟೇ ಇತ್ತು. ಅದು ಬೇಲಿಯಲ್ಲ.

ತಿದ್ದಿದ ಮೇಲೆ ನನ್ನ ಬೇಲಿಗಳು ಹೀಗಾದವು. ಹದಿನಾಲ್ಕರಿಂದ ಇಪ್ಪತ್ತೆರಡು ವಾರಗಳ ಗರ್ಭಿಣಿಯರನ್ನು ಮಾತ್ರ ತೆಗೆದುಕೊಂಡೆ. ಈ ಮಾತ್ರೆ ಶುರುವಾಗುವುದೇ ನಾಲ್ಕನೇ ತಿಂಗಳಿನಿಂದ, ಹಾಗಾಗಿ ಕೆಳಗಿನ ಅಂಚು ಸುಲಭವಾಗಿ ಸಿಕ್ಕಿತು. ಮೇಲಿನ ಅಂಚಿಗೆ ಕಾರಣ ನಮ್ಮ ಊರುಗಳ ರೂಢಿ. ಏಳನೇ ತಿಂಗಳ ಹೊತ್ತಿಗೆ ಸೀಮಂತ ಮಾಡಿ ಹೆಣ್ಣನ್ನು ತವರಿಗೆ ಕಳುಹಿಸುತ್ತಾರೆ. ಇಪ್ಪತ್ತೆಂಟನೇ ವಾರದವಳನ್ನು ಸೇರಿಸಿಕೊಂಡರೆ ಮಾತ್ರೆ ಎಣಿಸುವ ದಿನ ಅವಳು ಬೇರೆ ತಾಲ್ಲೂಕಿನಲ್ಲಿರುತ್ತಾಳೆ. ಇದನ್ನು ಓದಿದ ಸಮಿತಿಯವರೊಬ್ಬರು "ಇದು ಕ್ಷೇತ್ರ ಕಂಡವರು ಬರೆದದ್ದು" ಎಂದರು. ನನಗೆ ಆ ಮಾತು ಬಹಳ ಸಂತೋಷ ಕೊಟ್ಟಿತು.

ಎರಡನೆಯ ಬೇಲಿ ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ್ದು. 11 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವವರನ್ನು ಮಾತ್ರ ಆಯ್ದುಕೊಂಡೆ. ಇದಕ್ಕೆ ತಕ್ಷಣ ಪ್ರಶ್ನೆ ಬಂತು: "ನಿಜವಾಗಿ ಮಾತ್ರೆ ಬೇಕಾದವರನ್ನೇ ಹೊರಗಿಟ್ಟೆಯಲ್ಲ?" ನ್ಯಾಯವಾದ ಪ್ರಶ್ನೆ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ರಕ್ತಹೀನತೆಯಿಲ್ಲದ ಗರ್ಭಿಣಿಗೆ ದಿನಕ್ಕೆ ಒಂದು ಕೆಂಪು ಮಾತ್ರೆ, 180 ದಿನ. 11ಕ್ಕಿಂತ ಕಡಿಮೆ ಇದ್ದರೆ ದಿನಕ್ಕೆ ಎರಡು. 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಯ ಚಿಕಿತ್ಸೆ. ಒಂದು ಮಾತ್ರೆಯವರನ್ನೂ ಎರಡು ಮಾತ್ರೆಯವರನ್ನೂ ಒಟ್ಟಿಗೆ ಹಾಕಿದರೆ ಮಾತ್ರೆಯ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಶೇಕಡಾವಾರು ಲೆಕ್ಕ ಹಾಕಬಹುದಿತ್ತು, ಆದರೆ ಎರಡು ಮಾತ್ರೆಯವರಿಗೆ ಹೊಟ್ಟೆಯ ತೊಂದರೆಯೂ ಹೆಚ್ಚು, ಮೇಲ್ವಿಚಾರಣೆಯೂ ಹೆಚ್ಚು. ಅವರನ್ನು ಬೇರೆಯಾಗಿಯೇ ಅಧ್ಯಯನ ಮಾಡಬೇಕು. ಹೀಗೆಂದು ಬರೆದುಕೊಟ್ಟ ಮೇಲೆ ಬೇಲಿ ನಿಂತಿತು. ಆದರೆ ಅದರ ಬೆಲೆಯನ್ನೂ ಕಟ್ಟಬೇಕಾಯಿತು. ಪ್ರಬಂಧದ ಶೀರ್ಷಿಕೆಯಿಂದ "ರಕ್ತಹೀನತೆ" ಎಂಬ ಪದವನ್ನೇ ತೆಗೆದುಹಾಕಿದೆ. ಬೇಲಿ ಒಂದು ಕಡೆ, ಶೀರ್ಷಿಕೆ ಇನ್ನೊಂದು ಕಡೆ ಇರಲು ಬರುವುದಿಲ್ಲ.

ಮೂರನೆಯದಾಗಿ, ಬೋಧನೆಯ ಗುಂಪನ್ನು ಒಂದು ಆರೋಗ್ಯ ಕೇಂದ್ರದಿಂದಲೂ ಹೋಲಿಕೆಯ ಗುಂಪನ್ನು ಇನ್ನೊಂದರಿಂದಲೂ ಆರಿಸಿದೆ. ಒಂದೇ ಕೇಂದ್ರವಾದರೆ ತಪಾಸಣೆಯ ದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ, ನಾನು ಒಬ್ಬಳಿಗೆ ಹೇಳಿದ್ದು ಸಂಜೆಯೊಳಗೆ ಇನ್ನೊಬ್ಬಳಿಗೆ ತಲುಪುತ್ತದೆ. ಹೋಲಿಕೆಯ ಗುಂಪಿನವರಿಗೂ ಮಾತ್ರೆ ಮತ್ತು ವಾಡಿಕೆಯ ಸಲಹೆ ಸಿಗುತ್ತಿತ್ತು. ಅಧ್ಯಯನ ಮುಗಿದ ಮೇಲೆ ಅವರಿಗೂ ಅದೇ ಬೋಧನೆ ನೀಡುತ್ತೇನೆಂದು ನೈತಿಕ ಸಮಿತಿಗೆ ಬರೆದುಕೊಟ್ಟಿದ್ದೆ.

ಈ ಬೇಲಿಯಿಂದಲೇ ಒಂದು ಮಿತಿ ಹುಟ್ಟಿತು. ಒಂದು ಕೇಂದ್ರದ ಆಶಾ ಕಾರ್ಯಕರ್ತೆಯರು ಇನ್ನೊಂದರವರಿಗಿಂತ ಹೆಚ್ಚು ಮನೆ ಭೇಟಿ ಮಾಡುವವರಾಗಿದ್ದರೆ ವ್ಯತ್ಯಾಸ ನನ್ನ ಬೋಧನೆಯದೋ ಅವರ ಓಡಾಟದ್ದೋ ಹೇಳುವುದು ಕಷ್ಟ. ಅದನ್ನು ಮರೆಮಾಚದೆ ಬರೆದೆ.

ಇನ್ನೊಂದು ಮಿತಿ ಪೂರ್ವಭಾವಿ ಅಧ್ಯಯನದಲ್ಲಿ ಸಿಕ್ಕಿತು. ಆರು ಜನ ತಾಯಂದಿರ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದೆ. ಒಬ್ಬಾಕೆ ತಾಯಿ ಕಾರ್ಡಿನ ಜೊತೆ ಮಾತ್ರೆಯ ಖಾಲಿ ಪಟ್ಟಿಗಳನ್ನು ತಂದು ಮುಂದಿಟ್ಟಳು. ಒಂದೂ ಉಳಿದಿಲ್ಲ. ನಾನು "ಮೂವತ್ತಕ್ಕೆ ಮೂವತ್ತು" ಎಂದು ಬರೆಯುತ್ತಿದ್ದಂತೆ ಒಳಗಿನಿಂದ ಅತ್ತೆ ಹೇಳಿದರು: "ಅರ್ಧ ನಾದಿನಿಗೆ ಕೊಟ್ಟಿದ್ದಾಳೆ ಮೇಡಂ, ಅವಳಿಗೂ ಸುಸ್ತು ಅಂತ." ಖಾಲಿ ಪಟ್ಟಿ ಮಾತ್ರೆ ಹೊರಬಂದಿದೆ ಎನ್ನುತ್ತದೆ, ಯಾರ ಹೊಟ್ಟೆ ಸೇರಿತು ಎನ್ನುವುದಿಲ್ಲ. ಅಂದೇ ಪ್ರಶ್ನಾವಳಿಗೆ ಎರಡು ಪ್ರಶ್ನೆ ಸೇರಿಸಿದೆ. ಮಾತ್ರೆಯನ್ನು ಬೇರೆ ಯಾರಿಗಾದರೂ ಕೊಟ್ಟಿರಾ ಎಂಬುದು ಒಂದು, ಮಲ ಕಪ್ಪಾಗಿದೆಯೇ ಎಂಬುದು ಇನ್ನೊಂದು. ಕಬ್ಬಿಣಾಂಶ ಸೇವಿಸುವವರಲ್ಲಿ ಸಾಮಾನ್ಯವಾಗಿ ಮಲ ಕಪ್ಪಾಗುತ್ತದೆ. ಇದರಿಂದ ಕೊರತೆ ಪೂರ್ತಿ ನೀಗಲಿಲ್ಲ. ಆದ್ದರಿಂದ "ಎಣಿಕೆ ಪರೋಕ್ಷವಾದದ್ದು, ನಿಜವಾದ ಸೇವನೆಗಿಂತ ಹೆಚ್ಚು ತೋರಿಸಬಹುದು" ಎಂದು ಮಿತಿಯಲ್ಲಿ ಸೇರಿಸಿದೆ. ಕೊರತೆ ಇದೆ ಎಂದಷ್ಟೇ ಬರೆದರೆ ಸಾಲದು, ಅದು ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನೂ ಹೇಳಬೇಕು.

ಅಧ್ಯಯನದಲ್ಲಿ ಮೊದಲ ಪ್ರಾಕ್ಕಲ್ಪನೆಗೆ ಬೆಂಬಲ ಸಿಕ್ಕಿತು. ಎರಡನೆಯದರಲ್ಲಿ ಶಿಕ್ಷಣಕ್ಕೂ ಸೇವನೆಗೂ ಸಂಬಂಧ ಕಾಣಲಿಲ್ಲ. ಅದು ಸೋಲೆಂದು ಅಂಜಿದ್ದೆ, ಆದರೆ ಮೌಖಿಕ ಪರೀಕ್ಷೆಯಲ್ಲಿ ಅದರ ಬಗ್ಗೆ ಯಾರೂ ಆಕ್ಷೇಪಿಸಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ತಡಕಿದ್ದು ಬೇರೆ ಜಾಗದಲ್ಲಿ. ಮೊದಲ ಅಧ್ಯಾಯದ ಪರಿಮಿತಿಯ ಪುಟಕ್ಕೆ ಒಂದು ಬೆರಳಿಟ್ಟು, ಕೊನೆಯ ಅಧ್ಯಾಯ ತೆರೆದು, ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿದರು: "ಗರ್ಭಿಣಿಯರಲ್ಲಿ ಬೋಧನೆ ಪರಿಣಾಮಕಾರಿ ಎಂದು ಈ ಅಧ್ಯಯನ ತೋರಿಸಿದೆ." ನಂತರ ಕೇಳಿದರು: "ಯಾವ ಗರ್ಭಿಣಿಯರಲ್ಲಿ?" ಎರಡು ಕೇಂದ್ರಗಳ, ಹದಿನಾಲ್ಕರಿಂದ ಇಪ್ಪತ್ತೆರಡು ವಾರಗಳ, ರಕ್ತಹೀನತೆಯಿಲ್ಲದ ತಾಯಂದಿರಲ್ಲಿ ಎಂದು ನಾನು ಹೇಳಿದೆ. "ಹಾಗೆಂದೇ ಬರೆಯಿರಿ" ಎಂದರು. ಆ ಒಂದು ತಿದ್ದುಪಡಿಯೊಂದಿಗೆ ಪ್ರಬಂಧ ಅಂಗೀಕಾರವಾಯಿತು.

ಈಗ ನಾನೇ ಮಾರ್ಗದರ್ಶನ ಮಾಡುತ್ತೇನೆ. ವಿದ್ಯಾರ್ಥಿಗಳ ಪ್ರಸ್ತಾವನೆ ಬಂದರೆ ಉದ್ದೇಶ, ಪ್ರಾಕ್ಕಲ್ಪನೆ, ಮಾಪನ ಸಾಧನ, ಲೆಕ್ಕದ ವಿಧಾನ ಇವನ್ನು ಒಂದೇ ಹಾಳೆಯಲ್ಲಿ ಅಡ್ಡಸಾಲಾಗಿ ಬರೆಸುತ್ತೇನೆ. ಸಾಲು ಎಲ್ಲಿ ತುಂಡಾಗುತ್ತದೋ ಅಲ್ಲಿ ಕೂತು ಮಾತನಾಡುತ್ತೇವೆ. ಕೆಲವು ಅಧ್ಯಯನಗಳಿಗೆ ಪ್ರಾಕ್ಕಲ್ಪನೆಯೇ ಬೇಕಿಲ್ಲ. ಕಳೆದ ಬಾರಿ ನನ್ನ ವಿದ್ಯಾರ್ಥಿನಿಯೊಬ್ಬಳು ಮಗು ಕಳೆದುಕೊಂಡ ತಾಯಂದಿರ ಅನುಭವವನ್ನು ಸಂದರ್ಶನದ ಮೂಲಕ ತಿಳಿಯಲು ಹೊರಟಿದ್ದಳು. ನಮೂನೆಯಲ್ಲಿ ಖಾಲಿ ಜಾಗವಿದೆಯೆಂದು ಅಲ್ಲೊಂದು ಪ್ರಾಕ್ಕಲ್ಪನೆ ತುಂಬಿದ್ದಳು. ಅದನ್ನು ಹೊಡೆದುಹಾಕಿ ಆ ಜಾಗದಲ್ಲಿ ಅವಳ ಸಂಶೋಧನಾ ಪ್ರಶ್ನೆಯನ್ನು ಬರೆಸಿದೆ. ಪರಿಮಿತಿಯ ಭಾಗವನ್ನು ಮಾತ್ರ ಬಿಡಲಿಲ್ಲ. ಯಾವ ತಾಯಂದಿರು, ಮಗು ತೀರಿಹೋಗಿ ಎಷ್ಟು ತಿಂಗಳಾದವರು, ಏಕೆ ಅಷ್ಟೇ ತಿಂಗಳು ಎಂಬುದನ್ನು ಬರೆಯಲು ಅವಳು ಎರಡು ವಾರ ತೆಗೆದುಕೊಂಡಳು.