ಪಿ-ವ್ಯಾಲ್ಯೂ ಓದುವುದು ಹೇಗೆ? ಕೊಳೆ ಔಷಧಿಯ ಒಂದು ಲೆಕ್ಕ ಹಿಡಿದು ನೋಡೋಣ

ತೋಟಕ್ಕೆ ಹೊಸ ಔಷಧಿ ಬಂತು ಅಂದರೆ ಜೊತೆಗೆ ಒಂದು ಕರಪತ್ರವೂ ಬರುತ್ತದೆ. ಅದರಲ್ಲಿ ಪ್ರಯೋಗದ ಫಲಿತಾಂಶದ ಪಕ್ಕ `p = 0.011` ಅಂತ ಇದ್ದರೆ ಏನು ಅರ್ಥ? ತುಂಬಾ ಜನ ಓದುವುದು ಹೀಗೆ: "ಈ ಔಷಧಿ ಕೆಲಸ ಮಾಡದೇ ಇರುವ ಸಾಧ್ಯತೆ ನೂರಕ್ಕೆ ಒಂದು, ಅಂದರೆ 99 ಭಾಗ ಗ್ಯಾರಂಟಿ." ಇದು ತಪ್ಪು ಓದು. ಸಣ್ಣಪುಟ್ಟ ತಪ್ಪಲ್ಲ, ಲೆಕ್ಕವನ್ನೇ ತಲೆಕೆಳಗು ಮಾಡುವ ತಪ್ಪು. ಓದಿದವರೂ ಇದನ್ನು ಎಷ್ಟು ಮಾಡುತ್ತಾರೆ ಅಂದರೆ, 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಒಂದು ಹೇಳಿಕೆ ಹೊರಡಿಸಿ, ಪಿ-ವ್ಯಾಲ್ಯೂ ಎನ್ನುವುದು ಊಹೆ ನಿಜವಾಗಿರುವ ಸಾಧ್ಯತೆ ಅಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

ಸುಮ್ನೆ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಇದು ತಲೆಗೆ ಹತ್ತುವುದಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಕೂಡುವುದು ಗುಣಿಸುವುದು ಬಂದರೆ ಸಾಕು.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ ಅಂದುಕೊಳ್ಳಿ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಅಲ್ಲಿ ಹೊಡೆಯುವುದು ಎಲ್ಲರೂ ಹೊಡೆಯುವ ಬೋರ್ಡೋ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಬಿಡದೆ ಹಿಡಿದರೆ ಗೊನೆ ಮೇಲಿನ ಔಷಧಿ ತೊಳೆದು ಹೋಗುತ್ತದೆ, ಅದಕ್ಕೇ ಅಂಟು ಸೇರಿಸುವುದು. ಈಗ ಯಾರೋ ಒಂದು ಹೊಸ ಅಂಟು ತಂದಿದ್ದಾರೆ. ಹಳೇ ಅಂಟಿಗಿಂತ ಇದು ಚೆನ್ನಾಗಿ ಹಿಡಿಯುತ್ತದೆ, ಕೊಳೆ ಕಮ್ಮಿಯಾಗುತ್ತದೆ ಅನ್ನುತ್ತಾರೆ. ಹೌದಾ?

ಹೆಜ್ಜೆ ಒಂದು: ಮದ್ದು ಹೊಡೆಯುವ ಮೊದಲೇ ಬರೆದಿಡಿ

ತೋಟವನ್ನು ಹತ್ತು ತುಂಡು ಮಾಡಿ. ಪ್ರತಿ ತುಂಡನ್ನೂ ಮತ್ತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೇ ಅಂಟು, ಇನ್ನೊಂದಕ್ಕೆ ಹೊಸದು. ಯಾವುದಕ್ಕೆ ಯಾವುದು ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಇಲ್ಲಿ ಅಸಡ್ಡೆ ಮಾಡಬೇಡಿ, ಏಕೆಂದರೆ ಮುಂದಿನ ಇಡೀ ಲೆಕ್ಕ ನಿಂತಿರುವುದು ಈ ನಾಣ್ಯದ ಮೇಲೆ. ಬಿಸಿಲು ಬೀಳುವ, ನೀರು ಚೆನ್ನಾಗಿ ಬಸಿಯುವ ಪಾಲನ್ನು ನೋಡಿ ನೋಡಿ ಹೊಸ ಔಷಧಿಗೆ ಕೊಟ್ಟರೆ, ಆಮೇಲೆ ಬರುವ ಪಿ-ವ್ಯಾಲ್ಯೂ ಎಷ್ಟೇ ಚಿಕ್ಕದಿದ್ದರೂ ಅದಕ್ಕೆ ಅರ್ಥವಿಲ್ಲ. ಎರಡು ಪಾಲು ಕೂಡುವ ಜಾಗದ ಮರಗಳನ್ನು ಲೆಕ್ಕದಿಂದ ಬಿಟ್ಟುಬಿಡಿ. ಗಾಳಿಗೆ ಆಚೆ ಕಡೆಯ ಔಷಧಿ ಇಲ್ಲಿಗೆ ಹಾರುತ್ತದೆ, ಮಳೆ ಹನಿ ಸಿಡಿದು ಆಚೆ ಕಡೆಯ ಕೊಳೆಯೂ ಇಲ್ಲಿಗೆ ಬರುತ್ತದೆ.

ಇನ್ನು ಎರಡು ವಿಷಯ ಬರೆದಿಡಬೇಕು. ಏನನ್ನು ಅಳೆಯುತ್ತೀರಿ? ಕೊಳೆತು ಉದುರಿದ ಕಾಯಿ, ಮರಕ್ಕೆ ಸರಾಸರಿ ಎಷ್ಟು ಅಂತ, ಮಳೆಗಾಲ ಮುಗಿಯುವವರೆಗೆ. ಯಾವ ಊಹೆಯನ್ನು ಪರೀಕ್ಷೆ ಮಾಡುತ್ತೀರಿ? "ಹೊಸ ಅಂಟಿಗೂ ಹಳೇ ಅಂಟಿಗೂ ಏನೂ ವ್ಯತ್ಯಾಸ ಇಲ್ಲ" ಅನ್ನುವುದನ್ನು. ಇದನ್ನೇ ನಲ್ ಹೈಪಾಥೆಸಿಸ್ ಅನ್ನುವುದು. ಪಿ-ವ್ಯಾಲ್ಯೂ ಹುಟ್ಟುವುದೇ ಈ ಊಹೆಯ ಒಳಗೆ. ಈ ಮಾತು ನೆನಪಿರಲಿ.

ಹೆಜ್ಜೆ ಎರಡು: ಎಣಿಸಿ

ಮಳೆಗಾಲ ಮುಗಿಯಿತು. ಹತ್ತು ತುಂಡಿನಲ್ಲಿ ಒಂಬತ್ತರಲ್ಲಿ ಹೊಸ ಅಂಟಿನ ಪಾಲಿನಲ್ಲೇ ಕಮ್ಮಿ ಕಾಯಿ ಕೊಳೆತಿದೆ ಅಂದುಕೊಳ್ಳಿ.

ಈಗ ಕೇಳಬೇಕಾದ ಪ್ರಶ್ನೆ: ಎರಡೂ ಅಂಟು ಒಂದೇ ಆಗಿದ್ದರೆ ಹೀಗಾಗುವುದು ಎಷ್ಟು ಅಪರೂಪ? ವ್ಯತ್ಯಾಸವೇ ಇಲ್ಲ ಅಂದಮೇಲೆ ಒಂದು ತುಂಡಿನಲ್ಲಿ ಯಾವ ಪಾಲು ಗೆಲ್ಲುತ್ತದೆ ಅನ್ನುವುದು ನಾಣ್ಯದ ಮೇಲೆ ಹೋಯಿತು, ಅಲ್ವಾ? ಹತ್ತು ನಾಣ್ಯ ಬೀಳುವ ರೀತಿಗಳು ಒಟ್ಟು 1,024, ಅಂದರೆ ಎರಡನ್ನು ಹತ್ತು ಸಲ ಗುಣಿಸಿದಷ್ಟು. ಅದರಲ್ಲಿ ಹತ್ತಕ್ಕೆ ಹತ್ತೂ ಹೊಸದೇ ಗೆಲ್ಲುವ ರೀತಿ ಒಂದೇ. ಒಂಬತ್ತು ಗೆಲ್ಲುವ ರೀತಿ ಹತ್ತು, ಏಕೆಂದರೆ ಸೋಲುವ ತುಂಡು ಹತ್ತರಲ್ಲಿ ಯಾವುದಾದರೂ ಆಗಬಹುದು. ಕೂಡಿದರೆ 11. ಹನ್ನೊಂದನ್ನು 1,024ರಿಂದ ಭಾಗಿಸಿದರೆ 0.0107. ಕರಪತ್ರದಲ್ಲಿದ್ದ 0.011 ಬರುವುದು ಹೀಗೆ. ಎಕ್ಸೆಲ್‌ನಲ್ಲಾದರೆ:

```
=1-BINOM.DIST(8,10,0.5,TRUE)
```

ಹೊಸದು ಕೆಟ್ಟದ್ದೂ ಆಗಿರಬಹುದು, ಯಾವ ಕಡೆಗಾದರೂ ವ್ಯತ್ಯಾಸ ಇದೆಯಾ ಅಂತ ಕೇಳುವುದಾದರೆ ಇದನ್ನು ಎರಡರಿಂದ ಗುಣಿಸಬೇಕು, 0.021 ಆಗುತ್ತದೆ. ಯಾವ ಪ್ರಶ್ನೆ ಅನ್ನುವುದನ್ನೂ ಮೊದಲೇ ಬರೆದಿಟ್ಟಿರಬೇಕು.

ಹೆಜ್ಜೆ ಮೂರು: ಪೂರ್ತಿ ವಾಕ್ಯದಲ್ಲಿ ಓದಿ

0.011 ಅನ್ನುವುದನ್ನು ಹೀಗೆ ಬಾಯಿಬಿಟ್ಟು ಓದಿ: "ಎರಡು ಅಂಟಿಗೂ ವ್ಯತ್ಯಾಸವೇ ಇಲ್ಲದಿದ್ದರೆ, ಹತ್ತರಲ್ಲಿ ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ ತುಂಡಿನಲ್ಲಿ ಹೊಸದು ಗೆಲ್ಲುವುದು ನೂರಕ್ಕೆ ಸುಮಾರು ಒಂದು ಸಲ." ವಾಕ್ಯದ ಶುರುವಿನಲ್ಲಿರುವ ಆ "ಇಲ್ಲದಿದ್ದರೆ" ಬಿಟ್ಟುಹೋದರೆ ಎಲ್ಲವೂ ಕೆಟ್ಟಿತು. ಲೆಕ್ಕ ಮಾಡುವಾಗ ವ್ಯತ್ಯಾಸ ಇಲ್ಲ ಅಂತ ಒಪ್ಪಿಕೊಂಡೇ ಹೊರಟಿದ್ದೇವೆ. ಒಪ್ಪಿಕೊಂಡ ವಿಷಯ ಎಷ್ಟು ನಿಜ ಅಂತ ಅದೇ ಲೆಕ್ಕ ಹೇಗೆ ಹೇಳೀತು?

ಕೊಳೆ ಬಿದ್ದ ಮರದ ಬುಡದಲ್ಲಿ ಉದುರಿದ ಕಾಯಿ ಇದ್ದೇ ಇರುತ್ತದೆ. ಹಾಗಂತ ಬುಡದಲ್ಲಿ ಕಾಯಿ ಉದುರಿದ ಮರಕ್ಕೆಲ್ಲ ಕೊಳೆಯೇ ಬಿದ್ದಿದೆ ಅನ್ನುವಹಾಗಿಲ್ಲ. ಎರಡೂ ಬೇರೆ ಬೇರೆ ಮಾತು. ಪಿ-ವ್ಯಾಲ್ಯೂ ತಪ್ಪಾಗಿ ಓದುವವರು ಮಾಡುವುದು ಮೊದಲನೆಯದರಿಂದ ಎರಡನೆಯದಕ್ಕೆ ಹಾರುವುದನ್ನೇ.

ಹೆಜ್ಜೆ ನಾಲ್ಕು: ಹಾಗಾದರೆ ಔಷಧಿ ಕೆಲಸ ಮಾಡುವ ಸಾಧ್ಯತೆ ಎಷ್ಟು?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ವಿಷಯದ ತಿರುಳು ಇರುವುದೇ ಇಲ್ಲಿ.

ವರ್ಷಾನುಗಟ್ಟಲೆ ಮಾರ್ಕೆಟ್ಟಿಗೆ ಬರುವ ಹೊಸ ಅಂಟು, ಟಾನಿಕ್ಕು, ಪುಡಿ ಎಲ್ಲ ಸೇರಿ ಸಾವಿರ ಅಂತಿಟ್ಟುಕೊಳ್ಳಿ. ಎಲ್ಲವನ್ನೂ ಇದೇ ಹತ್ತು ತುಂಡಿನ ಪ್ರಯೋಗಕ್ಕೆ ಹಾಕಿದೆವು. ಇವುಗಳಲ್ಲಿ ನಿಜವಾಗಿ ಉಪಯೋಗ ಇರುವುದು ಬರೀ 50, ಉಳಿದ 950 ಹಳೆಯದರಷ್ಟೇ ಅಂತ ಇರಲಿ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ.

ಉಪಯೋಗ ಇಲ್ಲದ 950ರಲ್ಲೂ ಕೆಲವು ಅದೃಷ್ಟಕ್ಕೆ ಒಂಬತ್ತು ತುಂಡು ಗೆಲ್ಲುತ್ತವೆ. ಎಷ್ಟು? 950ನ್ನು 0.0107ರಿಂದ ಗುಣಿಸಿ: ಸುಮಾರು 10.

ಉಪಯೋಗ ಇರುವ 50 ಏನಾಗುತ್ತವೆ? ಒಳ್ಳೆಯ ಔಷಧಿಯೂ ಎಲ್ಲ ತುಂಡಿನಲ್ಲೂ ಗೆಲ್ಲುವುದಿಲ್ಲ. ಒಂದು ಕಡೆ ನೀರು ನಿಂತಿರುತ್ತದೆ, ಇನ್ನೊಂದು ಕಡೆ ನೆರಳು ಜಾಸ್ತಿ, ಮತ್ತೊಂದು ಕಡೆ ಹೊಡೆದ ಸಂಜೆಯೇ ಮಳೆ. ನಾಲ್ಕರಲ್ಲಿ ಮೂರು ತುಂಡಿನಲ್ಲಿ ಗೆಲ್ಲುವಷ್ಟು ಒಳ್ಳೆಯದು ಅಂದುಕೊಂಡರೆ, ಅಂಥದ್ದು ಹತ್ತರಲ್ಲಿ ಒಂಬತ್ತೋ ಹತ್ತೋ ಗೆಲ್ಲುವ ಸಾಧ್ಯತೆ ಬರೀ 24 ಪರ್ಸೆಂಟ್. ಅಂದರೆ 50ರಲ್ಲಿ ಸುಮಾರು 12.

ಈಗ ಕರಪತ್ರದಲ್ಲಿ "ಒಂಬತ್ತು ಅಥವಾ ಜಾಸ್ತಿ ಗೆಲುವು" ಅಂತ ಹಾಕಿಕೊಳ್ಳುವವರು ಒಟ್ಟು 22 ಜನ. ಅದರಲ್ಲಿ 12 ಅಸಲಿ, 10 ಪೊಳ್ಳು. ಪಿ-ವ್ಯಾಲ್ಯೂ 0.011, ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಔಷಧಿಗೆ ಉಪಯೋಗವೇ ಇಲ್ಲ! 99 ಭಾಗ ಗ್ಯಾರಂಟಿ ಅಂದುಕೊಂಡು ದುಡ್ಡು ಹಾಕಿದವರಿಗೆ ಸಿಕ್ಕಿದ್ದು ಹತ್ತಿರಹತ್ತಿರ ಅರ್ಧಕ್ಕರ್ಧ.

ಅದೇ ಸಾವಿರದಲ್ಲಿ 500 ನಿಜವಾಗಿ ಒಳ್ಳೆಯದಿದ್ದರೆ? ಆಗ ಅಸಲಿ ಗೆದ್ದದ್ದು 122, ಪೊಳ್ಳು ಗೆದ್ದದ್ದು ಐದು. ಗೆದ್ದವರನ್ನು ಕಣ್ಣುಮುಚ್ಚಿ ನಂಬಬಹುದು. ಪ್ರಯೋಗ ಅದೇ, ಪಿ-ವ್ಯಾಲ್ಯೂ ಅದೇ 0.011, ಆದರೆ "ಔಷಧಿ ಕೆಲಸ ಮಾಡುತ್ತದೆಯಾ" ಅನ್ನುವುದಕ್ಕೆ ಉತ್ತರ ಬೇರೆ. ಒಂದೇ ಪಿ-ವ್ಯಾಲ್ಯೂಗೆ ಎರಡು ಉತ್ತರ ಬರುತ್ತದೆ ಅಂದಮೇಲೆ ಆ ಉತ್ತರ ಪಿ-ವ್ಯಾಲ್ಯೂ ಒಳಗೆ ಇರಲು ಸಾಧ್ಯವೇ ಇಲ್ಲ. ಅದಕ್ಕೆ ಇನ್ನೂ ಎರಡು ವಿಷಯ ಗೊತ್ತಿರಬೇಕು: ಇಂಥ ಔಷಧಿಗಳಲ್ಲಿ ಸಾಮಾನ್ಯವಾಗಿ ಎಷ್ಟು ಒಳ್ಳೆಯವಿರುತ್ತವೆ, ಮತ್ತು ಒಳ್ಳೆಯದನ್ನು ಹಿಡಿಯುವ ತಾಕತ್ತು ನಮ್ಮ ಪ್ರಯೋಗಕ್ಕೆ ಎಷ್ಟಿದೆ.

ಹೆಜ್ಜೆ ಐದು: ದೊಡ್ಡ ಪಿ-ವ್ಯಾಲ್ಯೂ ಬಂದರೆ

ಎಂಟೇ ತುಂಡು ಗೆದ್ದಿದ್ದರೆ ಪಿ-ವ್ಯಾಲ್ಯೂ 56 ಭಾಗಿಸು 1,024, ಅಂದರೆ 0.055. ರೂಢಿಯ ಗೆರೆ 0.05, ಪಿ-ವ್ಯಾಲ್ಯೂ ಅದಕ್ಕಿಂತ ಕೆಳಗೆ ಬಂದರೆ ಗೆರೆ ದಾಟಿತು ಅನ್ನುತ್ತಾರೆ. "ಗೆರೆ ದಾಟಲಿಲ್ಲ, ಉಪಯೋಗ ಇಲ್ಲ" ಅಂತ ಬಿಸಾಡಬೇಕಾ? ಬೇಡ. ಈ ಗೆರೆಯನ್ನು ರೂಢಿಗೆ ತಂದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್, 1925ರ ಸುಮಾರಿಗೆ. ಇಪ್ಪತ್ತಕ್ಕೆ ಒಂದು ಅನ್ನುವುದು ಅನುಕೂಲಕ್ಕೆ ಇಟ್ಟುಕೊಂಡ ಅಳತೆ, ಅದರ ಈಚೆ ಸುಳ್ಳು ಆಚೆ ನಿಜ ಅಂತಲ್ಲ. ಮೇಲಿನ ಲೆಕ್ಕವನ್ನೇ ನೋಡಿ: ಒಂಬತ್ತು ಗೆಲ್ಲಲೇಬೇಕು ಅಂತ ಹಟ ಹಿಡಿದರೆ ನಿಜವಾಗಿ ಒಳ್ಳೆಯ 50ರಲ್ಲಿ 38 ಫೇಲಾದವು. ಹತ್ತೇ ತುಂಡಿನ ಪ್ರಯೋಗದಲ್ಲಿ ದೊಡ್ಡ ಪಿ-ವ್ಯಾಲ್ಯೂ ಬಂದರೆ "ಈ ಪ್ರಯೋಗದಿಂದ ಗೊತ್ತಾಗಲಿಲ್ಲ" ಅಂತ ಓದಬೇಕು, ಅಷ್ಟೇ.

ಹೆಜ್ಜೆ ಆರು: ಎಷ್ಟು ಸಲ ನೋಡಿದರು, ಎಷ್ಟು ವ್ಯತ್ಯಾಸ ಕಂಡಿತು ಕೇಳಿ

ಉದುರಿದ ಕಾಯಿ, ಗೊನೆ ತೂಕ, ಕಾಯಿ ಬಣ್ಣ, ಎಲೆ ಹಸಿರು ಅಂತ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಅಳತೆ ತೆಗೆದು 0.05 ಗೆರೆ ಇಟ್ಟರೆ, ಏನೂ ಕೆಲಸ ಮಾಡದ ಔಷಧಿಗೂ ಒಂದಾದರೂ ಅಳತೆಯಲ್ಲಿ ಗೆರೆ ದಾಟುವ ಸಾಧ್ಯತೆ 64 ಪರ್ಸೆಂಟ್. ಕರಪತ್ರದಲ್ಲಿ ಆ ಒಂದನ್ನು ಮಾತ್ರ ಹಾಕಿದರೆ ನಮಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ "ಮತ್ತೇನೇನು ಅಳೆದಿರಿ?" ಅಂತ ಮೊದಲು ಕೇಳಿ.

ವ್ಯತ್ಯಾಸ ಎಷ್ಟು ಅನ್ನುವುದೂ ಪಿ-ವ್ಯಾಲ್ಯೂನಲ್ಲಿ ಇಲ್ಲ. ಒಂಬತ್ತು ತುಂಡಿನಲ್ಲಿ ಗೆದ್ದದ್ದು ಮರಕ್ಕೆ ಎರಡು ಕಾಯಿ ಲೆಕ್ಕದಲ್ಲೋ ಇನ್ನೂರು ಕಾಯಿ ಲೆಕ್ಕದಲ್ಲೋ, 0.011 ಎರಡಕ್ಕೂ ಒಂದೇ. ಮರಕ್ಕೆ ಉಳಿದ ಕಾಯಿಯನ್ನು ಮರಗಳ ಸಂಖ್ಯೆಯಿಂದ ಗುಣಿಸಿ, ಅಂಟಿನ ಖರ್ಚಿನ ಪಕ್ಕ ಇಟ್ಟು ನೋಡಬೇಕು.

ಇಷ್ಟೆಲ್ಲ ಆಗಿಯೂ ಒಂಬತ್ತು ಗೆದ್ದ ಅಂಟನ್ನು ನಂಬುವುದೋ ಬೇಡವೋ? ನಾನಾದರೆ ಮುಂದಿನ ಮಳೆಗಾಲಕ್ಕೆ ಇನ್ನೊಂದು ತೋಟದಲ್ಲಿ, ಹೊಸನಗರದ ಕಡೆಯೋ ಸಾಗರದ ಕಡೆಯೋ, ಮತ್ತೆ ನಾಣ್ಯ ಚಿಮ್ಮಿ ಅದೇ ಪ್ರಯೋಗ ಮಾಡಿಸಿ ಅನ್ನುತ್ತೇನೆ. ಲೆಕ್ಕ ನೋಡಿ: ಗೆದ್ದ 22ನ್ನು ಎರಡನೇ ಸಲ ಪರೀಕ್ಷೆಗೆ ಹಾಕಿದರೆ ಅಸಲಿ ಹನ್ನೆರಡರಲ್ಲಿ ಮೂರು ಮತ್ತೆ ಗೆಲ್ಲುತ್ತವೆ, ಪೊಳ್ಳು ಹತ್ತರಲ್ಲಿ ಒಂದು ಗೆಲ್ಲುವುದೂ ಕಷ್ಟ, ಸರಾಸರಿ 0.1. ಎರಡು ಸಲವೂ ಗೆದ್ದು ಬಂದದ್ದು ಅಸಲಿ ಆಗಿರುವ ಸಾಧ್ಯತೆ 55ರಿಂದ 96 ಪರ್ಸೆಂಟಿಗೆ ಏರುತ್ತದೆ. ಆದರೆ ಈ ದಾರಿಯಲ್ಲಿ ಅಸಲಿಯೇ ಆದ ಒಂಬತ್ತು ಔಷಧಿ ಕೈಬಿಟ್ಟು ಹೋಗುತ್ತವೆ. ಅದು ಬೇಡ ಅಂದರೆ ಎರಡನೇ ಸಲ ಹತ್ತರ ಬದಲು ಮೂವತ್ತೋ ನಲವತ್ತೋ ತುಂಡು ಮಾಡಬೇಕು. ಒಬ್ಬರ ತೋಟದಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ, ಅಕ್ಕಪಕ್ಕದ ನಾಲ್ಕು ತೋಟದವರು ಒಟ್ಟಿಗೆ ಸೇರಿದರೆ ಆಗುತ್ತದೆ.