ಅಬ್‌ಸ್ಟ್ರಾಕ್ಟ್‌ನ ನಕಲಾಗಿದ್ದ ಕನ್‌ಕ್ಲೂಷನ್ ಅನ್ನು ನಾನು ತಿದ್ದಿ ಬರೆದ ಬಗೆ

ಎರಡು ಜರ್ನಲ್‌ಗಳಿಂದ ವಾಪಸ್ ಬಂದಿದ್ದ ನಮ್ಮ ಪೇಪರ್ ಮೂರನೇ ಕಡೆ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಅಕ್ಸೆಪ್ಟ್ ಆಯ್ತು. ಮೊದಲಿನ ಎರಡೂ ಕಡೆ ರಿವ್ಯೂವರ್‌ಗಳು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಕನ್‌ಕ್ಲೂಷನ್‌ನಲ್ಲಿ ಅಬ್‌ಸ್ಟ್ರಾಕ್ಟ್‌ಗಿಂತ ಹೊಸದೇನೂ ಇಲ್ಲ. ಮುಖ್ಯ ಪ್ರಯೋಗದ ಅಂಕಿಗಳನ್ನು ನಾನು ಮುಟ್ಟಲಿಲ್ಲ. ಕನ್‌ಕ್ಲೂಷನ್ ಒಂದನ್ನೇ ಬುಡದಿಂದ ಹೊಸದಾಗಿ ಬರೆದೆ. ಆಗ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ನನ್ನ ಪರ ಯಾರೂ ಇರಲಿಲ್ಲ. ಈಗ ನಾಲ್ಕೈದು ಜನ ತಮ್ಮ ಡ್ರಾಫ್ಟ್ ಹಿಡಿದುಕೊಂಡು ಬರುತ್ತಾರೆ. ಅದಕ್ಕೇ ಒಮ್ಮೆ ಬರೆದಿಡೋಣ ಅನ್ನಿಸಿತು.

ವಿಷಯ ಫ್ಲೋರೈಡ್. ಪಾವಗಡದ ಕಡೆಯ ಬೋರ್‌ವೆಲ್ ನೀರಿನಲ್ಲಿ ಅದು ಹೆಚ್ಚು ಅನ್ನುವುದು ನಿಮಗೆ ಗೊತ್ತೇ ಇದೆ. ಕರಾವಳಿಯ ಕ್ವಾರಿಗಳಲ್ಲಿ ಜಂಬಿಟ್ಟಿಗೆ ಕಲ್ಲು ಕೊಯ್ಯುವಾಗ ರಾಶಿ ಬೀಳುವ ಕೆಂಪು ಪುಡಿಯನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ಫ್ಲೋರೈಡ್ ಹೀರಿಸಲು ಬಳಸಿದ್ದೆವು. ಆಸಿಡ್ ಇಲ್ಲ, ಫರ್ನೇಸ್ ಇಲ್ಲ. ಲೀಟರಿಗೆ 10 ಗ್ರಾಂ ಪುಡಿ ಹಾಕಿ ಅಲುಗಿಸಿದರೆ 5 ಮಿಲಿಗ್ರಾಂ ಇದ್ದ ಫ್ಲೋರೈಡ್ 1ರ ಹತ್ತಿರಕ್ಕೆ ಇಳಿಯುತ್ತಿತ್ತು. ಅಂದರೆ ಶೇಕಡಾ 80ರ ಆಸುಪಾಸು.

ಹಳೆಯ ಕನ್‌ಕ್ಲೂಷನ್ ಹೀಗಿತ್ತು: ‘ಈ ಅಧ್ಯಯನದಲ್ಲಿ ಜಂಬಿಟ್ಟಿಗೆ ಪುಡಿಯಿಂದ ಫ್ಲೋರೈಡ್ ತೆಗೆಯುವುದನ್ನು ಪರಿಶೀಲಿಸಲಾಯಿತು. ಗರಿಷ್ಠ 80% ಫ್ಲೋರೈಡ್ ತೆಗೆಯಲಾಯಿತು. ದತ್ತಾಂಶವು ಲ್ಯಾಂಗ್ಮುಯರ್ ಮಾದರಿಗೆ ಹೊಂದಿತು. ಇದು ಅಗ್ಗದ, ಪರಿಸರಸ್ನೇಹಿ ವಿಧಾನ. ಮುಂದೆ ಹೆಚ್ಚಿನ ಅಧ್ಯಯನ ಅಗತ್ಯ.’ ಈ ಐದು ವಾಕ್ಯಗಳಲ್ಲಿ ಮೊದಲ ನಾಲ್ಕು ಅಬ್‌ಸ್ಟ್ರಾಕ್ಟ್‌ನಲ್ಲೇ ಇವೆ. ಐದನೆಯದು ಯಾವ ಪೇಪರ್‌ಗೆ ಬೇಕಾದರೂ ಹೊಂದುತ್ತದೆ.

ಮೊದಲ ಸಲ ವಾಪಸ್ ಬಂದಾಗ ಎಲ್ಲರೂ ದೂರಿದ್ದು ಇಂಗ್ಲಿಷನ್ನು. ಹಣ ಕೊಟ್ಟು ಭಾಷೆ ತಿದ್ದಿಸುವ ಒಂದು ಕಡೆ ಕಳಿಸಿದೆವು. 14 ಸಾವಿರದ ಹತ್ತಿರ ಖರ್ಚಾಯಿತು. ಕಾಮಾ, ಆರ್ಟಿಕಲ್ ಎಲ್ಲಾ ಸರಿಹೋಗಿ ಬಂದವು. ಆದರೆ ವಾಕ್ಯ ಹೇಳುತ್ತಿದ್ದದ್ದು ಮಾತ್ರ ಅದನ್ನೇ. ಎರಡನೇ ಜರ್ನಲ್‌ನವರೂ ಅದೇ ಮಾತು ಹೇಳಿದರು. ಆಮೇಲೆ ಪದ ಬದಲಿಸಿ ನೋಡಿದೆ, ಉಪಯೋಗವಾಗಲಿಲ್ಲ. ಚರ್ಚೆಯ ಭಾಗದಿಂದ ಒಂದು ಪ್ಯಾರಾ ಕಿತ್ತು ತಂದು ಹಾಕಿದೆ. ಉದ್ದವಾಯ್ತೇ ಹೊರತು ವಿಷಯ ಬರಲಿಲ್ಲ.

ಕೊನೆಗೆ ಅಬ್‌ಸ್ಟ್ರಾಕ್ಟ್ ಮತ್ತು ಕನ್‌ಕ್ಲೂಷನ್ ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೊಂಡೆ. ಎರಡರಲ್ಲೂ ಇದ್ದ ವಾಕ್ಯಗಳನ್ನು ಕನ್‌ಕ್ಲೂಷನ್‌ನಿಂದ ಹೊಡೆದುಹಾಕಿದೆ. ಆಮೇಲೆ ಟೇಬಲ್‌ಗಳ ಕಡೆ ಹೋದೆ. ಟೇಬಲ್‌ನಲ್ಲಿದ್ದು ಅಬ್‌ಸ್ಟ್ರಾಕ್ಟ್‌ನಲ್ಲಿ ಇಲ್ಲದ್ದು ಏನು ಅಂತ ಹುಡುಕಿದೆ. ಕೊನೆಯ ಟೇಬಲ್‌ನ ಕೊನೆಯ ಸಾಲಿನಲ್ಲಿ ಸಿಕ್ಕಿತು. 80% ಬಂದದ್ದು ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಮಾಡಿಕೊಂಡ ನೀರಿನಲ್ಲಿ. ನಿಜವಾದ ಬೋರ್‌ವೆಲ್ ನೀರಿನಲ್ಲಿ 4ರ ಹತ್ತಿರ ಇದ್ದ ಫ್ಲೋರೈಡ್ 2ಕ್ಕೆ ಬಂದು ನಿಂತಿತ್ತು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಅದು 1ರೊಳಗೆ ಇರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಅಂದರೆ ನಮ್ಮ ನೀರು ಇನ್ನೂ ಕುಡಿಯಲು ಬರುವುದಿಲ್ಲ. ಪೇಪರ್‌ನ ಅತಿ ಮುಖ್ಯ ಸಂಗತಿ ಇದು. ಆದರೆ ಪಠ್ಯದಲ್ಲಿ ಎಲ್ಲೂ ಅದರ ಮಾತೇ ಇರಲಿಲ್ಲ.

ಇದನ್ನು ಕನ್‌ಕ್ಲೂಷನ್‌ನಲ್ಲಿ ಹಾಕುತ್ತೇನೆ ಅಂದಾಗ ನಮ್ಮ ಹಿರಿಯ ಕೋ-ಆಥರ್ ಒಪ್ಪಲೇ ಇಲ್ಲ. ‘ನಿನ್ನ ಪೇಪರ್‌ಗೆ ನೀನೇ ಕಲ್ಲು ಹಾಕ್ತೀಯೇನಮ್ಮಾ?’ ಅಂದರು. ‘ಸರ್, ಟೇಬಲ್‌ನಲ್ಲಿ ಇದ್ದೇ ಇದೆ. ರಿವ್ಯೂವರ್ ನೋಡೇ ನೋಡ್ತಾರೆ. ನಾವೇ ಹೇಳಿದರೆ ಕಾರಣನೂ ಹೇಳಬಹುದು, ಅಲ್ವಾ?’ ಅಂದೆ. ಅವರು ಸುಮ್ಮನಾದರು, ಒಪ್ಪಲಿಲ್ಲ.

ಕಾರಣ ಹೇಳಬೇಕಾದರೆ ಮೊದಲು ಅದು ಗೊತ್ತಿರಬೇಕು. ಆ ನೀರಿನ ಕ್ಷಾರೀಯತೆ ಲೀಟರಿಗೆ 400 ಮಿಲಿಗ್ರಾಂ ಸುಮಾರು. ಅಂಥ ನೀರಿನಲ್ಲಿ ಹೆಚ್ಚಾಗಿ ಇರುವ ಬೈಕಾರ್ಬೊನೇಟ್ ಮೇಲೆ ನನಗೆ ಅನುಮಾನ. ಡಿಸ್ಟಿಲ್ಡ್ ನೀರಿಗೇ ಅಷ್ಟು ಸೋಡಿಯಂ ಬೈಕಾರ್ಬೊನೇಟ್ ಹಾಕಿ ಅದೇ ಪ್ರಯೋಗ ಮತ್ತೆ ಮಾಡಿಸಿದೆ. ಒಂದು ವಾರ, ಕೆಲವು ನೂರು ರೂಪಾಯಿ ಖರ್ಚು. ಹೀರಿಕೆ ಬೋರ್‌ವೆಲ್ ನೀರಿನ ಮಟ್ಟದ ಹತ್ತಿರಕ್ಕೇ ಕುಸಿಯಿತು. ಆದರೆ ಬೈಕಾರ್ಬೊನೇಟ್ ಹಾಕಿದರೆ ಪಿಎಚ್ ಕೂಡ 8 ದಾಟುತ್ತದೆ. ಹಾಗಾಗಿ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ. ಹನಿ ಹನಿ ಆಸಿಡ್ ಹಾಕಿ ಪಿಎಚ್ 7ಕ್ಕೆ ತಂದು ಮತ್ತೆ ನೋಡಿದೆವು. ಕುಸಿದದ್ದರಲ್ಲಿ ಒಂದು ಪಾಲು ಮಾತ್ರ ವಾಪಸ್ ಬಂತು. ಅಂದರೆ ಪಿಎಚ್ ಪಾಲೂ ಇದೆ, ಪುಡಿಯ ಮೇಲಿನ ಜಾಗಕ್ಕಾಗಿ ಫ್ಲೋರೈಡ್‌ಗೆ ಬೈಕಾರ್ಬೊನೇಟ್ ಕೊಡುವ ಪೈಪೋಟಿಯ ಪಾಲೂ ಇದೆ. ಇದೇ ಹುಮ್ಮಸ್ಸಿನಲ್ಲಿ ಫಾಸ್ಫೇಟನ್ನೂ ಹಾಕಿ ನೋಡಿದೆ. ಅದರ ಹೊಡೆತ ಇನ್ನೂ ಜೋರು. ಆದರೆ ನಮ್ಮ ಬೋರ್‌ವೆಲ್ ನೀರಿನಲ್ಲಿ ಅದು ಅಷ್ಟು ಇರಲಿಲ್ಲ. ಹಾಗಾಗಿ ಪೇಪರ್‌ಗೆ ಸೇರಿಸಲಿಲ್ಲ.

ಬರೆಯುವಾಗ ನಾನು ಮಿತಿಯಿಂದ ಶುರು ಮಾಡುತ್ತೇನೆ. ಅಚ್ಚಿನಲ್ಲಿ ಕೊಡುಗೆ ಮೊದಲು ಬರುತ್ತದೆ, ಬರೆಯುವಾಗ ಮಾತ್ರ ಮಿತಿ ಮೊದಲು. ಮಿತಿ ಗೊತ್ತಾದರೆ ಕೊಡುಗೆಯ ವಾಕ್ಯ ಎಷ್ಟು ದೂರ ಹೋಗಬಹುದು ಅಂತ ತಾನಾಗಿ ಗೊತ್ತಾಗುತ್ತದೆ. 80% ಅನ್ನುವುದು ಫಲಿತಾಂಶ, ಕೊಡುಗೆಯಲ್ಲ. ನಮ್ಮ ಕೊಡುಗೆ ಹೀಗೆ ಬಂತು: ‘ಆಸಿಡ್ ಅಥವಾ ಶಾಖದ ಸಂಸ್ಕರಣೆ ಇಲ್ಲದೆ, ಕ್ವಾರಿಯ ತ್ಯಾಜ್ಯ ಪುಡಿಯೇ ಕಡಿಮೆ ಕ್ಷಾರೀಯತೆಯ ನೀರಿನಲ್ಲಿ ಫ್ಲೋರೈಡನ್ನು ಮಾನದಂಡದ ಹತ್ತಿರಕ್ಕೆ ತರಬಲ್ಲದು.’ ಅದರ ಹಿಂದೆಯೇ ಮಿತಿ: ‘ಹೆಚ್ಚು ಬೈಕಾರ್ಬೊನೇಟ್ ಇರುವ ಬೋರ್‌ವೆಲ್ ನೀರಿನಲ್ಲಿ ಅರ್ಧದಷ್ಟು ಮಾತ್ರ ಇಳಿಯಿತು, 1.5ರ ಮಿತಿಯನ್ನು ತಲುಪಲಿಲ್ಲ. ಪಿಎಚ್ ಏರಿಕೆ ಮತ್ತು ಬೈಕಾರ್ಬೊನೇಟ್ ಪೈಪೋಟಿ ಎರಡೂ ಇದಕ್ಕೆ ಕಾರಣ.’ ‘ಕಡಿಮೆ ಕ್ಷಾರೀಯತೆ’ ಅನ್ನುವ ಎರಡು ಪದ ಮಿತಿಯಿಂದಲೇ ಹುಟ್ಟಿದ್ದು. ಅದಿಲ್ಲದಿದ್ದರೆ ಆ ವಾಕ್ಯ ಸುಳ್ಳಾಗುತ್ತಿತ್ತು.

ಇನ್ನೊಂದು ಮಾತು. ‘ಸ್ಯಾಂಪಲ್ ಕಡಿಮೆ, ಸಮಯ ಕಡಿಮೆ’ ಅನ್ನುವಂಥ ಮಿತಿಗಳನ್ನು ನಾನು ಹಾಕುವುದಿಲ್ಲ. ಒಂದು ಮಿತಿಯನ್ನು ಅಳಿಸಿದಾಗ ಕೊಡುಗೆಯ ವಾಕ್ಯ ಬದಲಾಗುವುದಿಲ್ಲ ಅಂದರೆ ಅದು ಅಲ್ಲಿ ಇರಬೇಕಾಗಿಲ್ಲ.

ಮುಂದಿನ ದಾರಿಯೂ ಅಲ್ಲಿಂದಲೇ ಬರುತ್ತದೆ. ಒಂದು ಮಿತಿಗೆ ಒಂದು ದಾರಿ, ಅಷ್ಟೇ. ಬೈಕಾರ್ಬೊನೇಟ್ ತೊಂದರೆ ಕೊಟ್ಟರೆ, ಪುಡಿ ಹಾಕುವ ಮುಂಚೆ ನೀರಿನ ಕ್ಷಾರೀಯತೆಯನ್ನು ಎಷ್ಟಕ್ಕೆ ಇಳಿಸಿದರೆ 1.5 ಸಿಗುತ್ತದೆ ಅಂತ ನೋಡಬೇಕು. ಫ್ಲಾಸ್ಕ್‌ನಲ್ಲಿ ಮಾತ್ರ ಮಾಡಿದ್ದರೆ, ಪುಡಿ ತುಂಬಿದ ಕಾಲಂನಲ್ಲಿ ನಿಜವಾದ ನೀರನ್ನೇ ಹರಿಸಿ ಎಷ್ಟು ಲೀಟರಿಗೆ ಪುಡಿ ಸೋಲುತ್ತದೆ ಅಂತ ಅಳೆಯಬೇಕು. ಫ್ಲೋರೈಡ್ ತುಂಬಿದ ಪುಡಿಯನ್ನು ಎಲ್ಲಿ ಹಾಕುವುದು ಅನ್ನುವುದಕ್ಕೂ ನಮ್ಮಲ್ಲಿ ಉತ್ತರ ಇರಲಿಲ್ಲ, ಅದು ಮೂರನೆಯದು. ಬೇರೆಯವರು ನಾಳೆಯೇ ಲ್ಯಾಬ್‌ನಲ್ಲಿ ಶುರು ಮಾಡಬಹುದಾದಷ್ಟು ಖಚಿತವಾಗಿ ಬರೆದೆ. ಈ ಮೂರು ದಾರಿಗಳನ್ನು ಯಾವ ಕ್ರಮದಲ್ಲಿ ಇಟ್ಟೆ, ಕೊನೆಯ ಸಾಲನ್ನು ಹೇಗೆ ಕಟ್ಟಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದೇ ರೀತಿಯ ಇನ್ನೊಂದು ಪೇಪರ್ ಈಗ ರಿವ್ಯೂನಲ್ಲಿದೆ.

ಪರೀಕ್ಷೆಗೆ ಅಂತ ಸ್ಟ್ರಕ್ಚರ್ಸ್ ಕಲಿಸುವ ಸಹೋದ್ಯೋಗಿಗೆ ಕನ್‌ಕ್ಲೂಷನ್ ಒಂದನ್ನೇ ಕೊಟ್ಟೆ, ಪೇಪರ್ ತೋರಿಸಲಿಲ್ಲ. ‘ಇದನ್ನು ಯಾವ ಊರಲ್ಲಿ ಬಳಸಬಾರದು?’ ಅಂತ ಕೇಳಿದೆ. ‘ಬೈಕಾರ್ಬೊನೇಟ್ ಜಾಸ್ತಿ ಇರುವ ಕಡೆ’ ಅಂದರು. ಹಳೆಯದನ್ನು ಓದಿದ್ದವರಿಗೆ ಇದೇ ಪ್ರಶ್ನೆ ಹಾಕಿದಾಗ ಯಾರಿಗೂ ಉತ್ತರ ಹೊಳೆದಿರಲಿಲ್ಲ.

ಕನ್‌ಕ್ಲೂಷನ್ ಮುಗಿದ ಮೇಲೆ ಅಬ್‌ಸ್ಟ್ರಾಕ್ಟ್‌ಗೆ ವಾಪಸ್ ಹೋಗಲೇಬೇಕು. ಅಲ್ಲಿ ಬರೀ 80% ಇದ್ದು, ಕೊನೆಯಲ್ಲಿ ಅರ್ಧ ಅಂತ ಬಂದರೆ ಓದುವವರಿಗೆ ಮೋಸ ಹೋದ ಹಾಗಾಗುತ್ತದೆ. ನಾನು 80%ರ ಹಿಂದೆಯೇ ‘ಬೋರ್‌ವೆಲ್ ನೀರಿನಲ್ಲಿ ಸುಮಾರು 50%’ ಅಂತ ಸೇರಿಸಿದೆ, ಜಾಗಕ್ಕಾಗಿ ‘ಪರಿಸರಸ್ನೇಹಿ’ಯನ್ನು ತೆಗೆದೆ. ಕಾರಣ ಮತ್ತು ಮುಂದಿನ ದಾರಿಗಳನ್ನು ಅಬ್‌ಸ್ಟ್ರಾಕ್ಟ್‌ಗೆ ತರಲಿಲ್ಲ, ಅವು ಕನ್‌ಕ್ಲೂಷನ್‌ನಲ್ಲೇ ಉಳಿದವು.