ಹಳೇ ಟೀವಿಗೆ ಅಲೆಕ್ಸಾ ಜೋಡಿಸಿದ ನನ್ನ ಅನುಭವ

"ಇಷ್ಟೆಲ್ಲಾ ಒದ್ದಾಡೋ ಬದಲು ಹೊಸ ಸ್ಮಾರ್ಟ್ ಟೀವಿ ತಗೋಬಾರದಾ?" ಅಂತ ಭಾವ ಮೂರು ಸಲ ಕೇಳಿದ್ದರು. ಹೋದ ತಿಂಗಳಿಂದ ಕೇಳುತ್ತಿಲ್ಲ. ಅಮ್ಮ ಕುರ್ಚಿಯಿಂದ ಏಳದೆ "ಅಲೆಕ್ಸಾ, ಟೀವಿ ಆನ್" ಅಂದರೆ ನಮ್ಮ ಹಳೇ 32 ಇಂಚಿನ LG ಟೀವಿ ಆನ್ ಆಗುತ್ತದೆ.

ಮೊದಲು ಸ್ಮಾರ್ಟ್ ಪ್ಲಗ್ ಹಾಕಿ ಸುಮಾರು 900 ರೂಪಾಯಿ ಕಳೆದೆ. ಆಫ್ ಚೆನ್ನಾಗಿ ಆಗುತ್ತಿತ್ತು. ಆನ್ ಅಂದರೆ ಕರೆಂಟ್ ಬಂದು, ಟೀವಿ ಕೆಂಪು ದೀಪ ಹಚ್ಚಿಕೊಂಡು ಸುಮ್ನೆ ಕೂರುತ್ತಿತ್ತು. ಆಮೇಲೆ ಏಳುನೂರು ಚಿಲ್ಲರೆಗೆ ರಿಮೋಟಿನಂತೆ ಕೋಡ್ ಕಳಿಸುವ ರೆಡಿಮೇಡ್ ಐಆರ್ ಬ್ಲಾಸ್ಟರ್ ತಂದೆ. ಅದು ಟೀವಿಯನ್ನು ಎಬ್ಬಿಸಿತು. ಆದರೆ ಅದು ಕಳಿಸುತ್ತಿದ್ದದ್ದು ನಮ್ಮ ರಿಮೋಟಿನ ಪವರ್ ಬಟನ್ನಿನ ಕೋಡ್. ಆನ್‌ಗೂ ಅದೇ, ಆಫ್‌ಗೂ ಅದೇ. ಟೀವಿ ಓಡುತ್ತಿರುವಾಗ ಅಮ್ಮ ಮರೆತು ಇನ್ನೊಮ್ಮೆ "ಆನ್" ಅಂದರೆ ಧಾರಾವಾಹಿ ಮಧ್ಯದಲ್ಲೇ ಬಂದ್!

ಬ್ಲಾಸ್ಟರ್ ಬಿಟ್ಟು, ನಾವೇ ಪ್ರೋಗ್ರಾಂ ಬರೆದು ಹಾಕಬಹುದಾದ ವೈಫೈ ಬೋರ್ಡು ನೋಡ್‌ಎಂಸಿಯು ಹಿಡಿದೆ. ಬೋರ್ಡು 250, ಐಆರ್ ಎಲ್‌ಇಡಿ, 2N2222 ಟ್ರಾನ್ಸಿಸ್ಟರ್, ರೆಸಿಸ್ಟರ್ ಎಲ್ಲಾ ಸೇರಿ 30 ರೂಪಾಯಿ ಇರಬೇಕು. ಮೂಲೆಗೆ ಬಿದ್ದಿದ್ದ ಫೋನ್ ಚಾರ್ಜರ್ ಉಪಯೋಗಕ್ಕೆ ಬಂತು. ಟೀವಿ ಆನ್ ಇದೆಯೋ ಇಲ್ಲವೋ ಅಂತ ಪ್ರೋಗ್ರಾಮಿನಲ್ಲೇ ಲೆಕ್ಕ ಇಟ್ಟೆ. ಎರಡು ದಿನ ನಡೆಯಿತು. ಮೂರನೇ ದಿನ ಕರೆಂಟ್ ಹೋಗಿ ಬಂದಿತು, ಮಗ ರಿಮೋಟ್ ಒತ್ತಿದ, ಲೆಕ್ಕ ಪೂರ್ತಿ ಉಲ್ಟಾ ಆಯ್ತು.

ಪರಿಹಾರ ಟೀವಿಯೊಳಗೇ ಇತ್ತು. ರಿಮೋಟಿನಲ್ಲಿ ಬಟನ್ ಇಲ್ಲದಿದ್ದರೂ ಆನ್‌ಗೆ ಒಂದು, ಆಫ್‌ಗೆ ಇನ್ನೊಂದು ಕೋಡನ್ನು ಈ ಸೆಟ್ ಒಪ್ಪುತ್ತದೆ. ರಿಮೋಟಿನ ಪವರ್ ಕೋಡ್ `0x20DF10EF`. ಅದನ್ನು ಕೈಬಿಟ್ಟು ಹೀಗೆ ಬರೆದೆ:

```
if (state) irsend.sendNEC(0x20DF23DC);
else       irsend.sendNEC(0x20DFA35C);
```

ಈಗ ಹತ್ತು ಸಲ "ಆನ್" ಅಂದರೂ ಟೀವಿ ಆನ್ ಆಗಿಯೇ ಇರುತ್ತದೆ. ಎಲ್ಲಾ ಮಾಡೆಲ್‌ಗಳೂ ಇದನ್ನು ಒಪ್ಪಲ್ಲ, ನಿಮ್ಮ ಸೆಟ್‌ನಲ್ಲಿ ಮೊದಲು ಕಳಿಸಿ ನೋಡಿ. ಏನೂ ಆಗದಿದ್ದರೆ ಕೋಡನ್ನು ಬೈಯುವ ಮುಂಚೆ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಎಲ್‌ಇಡಿ ನೋಡಿ. ನೇರಳೆ ಬಣ್ಣದಲ್ಲಿ ಮಿಣುಕದಿದ್ದರೆ ತಪ್ಪು ಬೆಸುಗೆಯಲ್ಲಿ ಇರಬಹುದು. ಟ್ರಾನ್ಸಿಸ್ಟರ್ ಇಲ್ಲದೆ ಪಿನ್ನಿಗೇ ಎಲ್‌ಇಡಿ ಹಾಕಿದಾಗ ನನಗೆ ಎರಡು ಅಡಿ ಕೂಡ ಸಿಗಲಿಲ್ಲ.

ಅಲೆಕ್ಸಾ ಸ್ಪೀಕರ್ ಜೊತೆ ಜೋಡಿಸಲು fauxmoESP ಅನ್ನೋ ಲೈಬ್ರರಿ ಬಳಸಿದೆ, ಪೋರ್ಟ್ 80. ಬೋರ್ಡು ತಾನೊಂದು ಬಲ್ಬ್ ಅಂತ ಅಲೆಕ್ಸಾಗೆ ಸುಳ್ಳು ಹೇಳುತ್ತದೆ. ಎರಡೂ ಒಂದೇ ವೈಫೈಯಲ್ಲಿ ಇರಬೇಕು, ಬೋರ್ಡಿಗೆ 2.4 ಗಿಗಾಹರ್ಟ್ಸ್ ಮಾತ್ರ ಸಿಗುತ್ತದೆ. ಈ ಸುಳ್ಳಿಗೆ ದಂಡವೂ ಕಟ್ಟಿದೆ. ಒಂದು ರಾತ್ರಿ "ಲೈಟ್ಸ್ ಆಫ್" ಅಂದೆ, ಹಾಲಿನ ದೀಪದ ಜೊತೆ ಟೀವಿಯೂ ಆರಿತು. ಆಪ್‌ನಲ್ಲಿ ಟೀವಿಯನ್ನು ಹಾಲಿನ ಗ್ರೂಪಿನಿಂದ ತೆಗೆದ ಮೇಲೆ ಸರಿಹೋಯಿತು.

ಸೌಂಡ್ ವಿಷಯದಲ್ಲಿ ಜಾಸ್ತಿ ತಲೆಕೆಟ್ಟಿತು. "ವಾಲ್ಯೂಮ್" ಅಂದರೆ ಅಲೆಕ್ಸಾ ತನ್ನದೇ ದನಿ ಏರಿಸಿಕೊಳ್ಳುತ್ತದೆ. ಅದಕ್ಕೆ "ಮೀನಾ" ಅಂತ ಎರಡನೇ ಸುಳ್ಳು ಬಲ್ಬ್ ಮಾಡಿದೆ. ಅದರ ಬೆಳಕೇ ಟೀವಿಯ ವಾಲ್ಯೂಮ್. ಅಲೆಕ್ಸಾಗೆ ಕನ್ನಡ ಬರಲ್ಲ, ಹಾಗಾಗಿ ಅಮ್ಮ "ಸೆಟ್ ಮೀನಾ ಟು ಟ್ವೆಂಟಿ" ಅಂತ ಕಲಿತರು. ಆದರೆ ಟೀವಿಗೆ "ಇಪ್ಪತ್ತಕ್ಕೆ ಹೋಗು" ಅಂತ ಹೇಳುವ ಕೋಡ್ ನನಗೆ ಸಿಗಲಿಲ್ಲ, ಒಂದೊಂದೇ ಮೆಟ್ಟಿಲು ಹತ್ತಿಸಬೇಕು. ಈಗಿನ ವಾಲ್ಯೂಮ್ ಎಷ್ಟು ಅಂತ ಬೋರ್ಡಿಗೆ ಗೊತ್ತಾಗಲ್ಲ. ಅದಕ್ಕೆ ಮೊದಲು ಸೊನ್ನೆಗೆ ಇಳಿಸಿ, ಅಲ್ಲಿಂದ ಎಣಿಸುತ್ತಾ ಏರಿಸಿದೆ.

ಒತ್ತುಗಳ ನಡುವೆ 40 ಮಿಲಿಸೆಕೆಂಡ್ ಬಿಟ್ಟಾಗ ಟೀವಿ ಕೆಲವನ್ನು ನುಂಗಿಬಿಟ್ಟಿತು. 150ರ ಸುತ್ತ ಸರಿಹೋಯಿತು. ಅಷ್ಟರಲ್ಲಿ ಅಲೆಕ್ಸಾ "ಡಿವೈಸ್ ಉತ್ತರ ಕೊಡುತ್ತಿಲ್ಲ" ಅಂತ ಗೊಣಗತೊಡಗಿತು. ಅದರ ಕಾರಣ ಹುಡುಕಲು ಒಂದು ಭಾನುವಾರ ಪೂರ್ತಿ ಹೋಯಿತು. ಅಷ್ಟೂ ಒತ್ತುಗಳನ್ನು ನಾನು ಅಲೆಕ್ಸಾ ಆಜ್ಞೆ ಬಂದಾಗ ಓಡುವ ಕಾಲ್‌ಬ್ಯಾಕ್ ಒಳಗೇ ಮಾಡಿಸುತ್ತಿದ್ದೆ! ಅಲ್ಲಿ ಬರೀ ಸಂಖ್ಯೆ ಬರೆದಿಟ್ಟು, ಕೆಲಸವನ್ನು `loop()`ಗೆ ಬಿಟ್ಟ ಮೇಲೆ ಗೊಣಗಾಟ ನಿಂತಿತು. ಇನ್ನೊಂದು ತೊಂದರೆ ಉಳಿದಿತ್ತು, ಇಪ್ಪತ್ತು ಅಂದರೆ ಹತ್ತೊಂಬತ್ತಕ್ಕೆ ನಿಲ್ಲುತ್ತಿತ್ತು. ಅಲೆಕ್ಸಾ ಬೆಳಕನ್ನು 255ರ ಲೆಕ್ಕದಲ್ಲಿ ಕಳಿಸುತ್ತದೆ, ನೂರರಿಂದ ಗುಣಿಸಿ 255ರಿಂದ ಭಾಗಿಸಿದಾಗ ದಶಾಂಶ ಬಿದ್ದುಹೋಗುತ್ತಿತ್ತು. ಗುಣಿಸಿದ ಮೇಲೆ, ಭಾಗಿಸುವ ಮುಂಚೆ 127 ಕೂಡಿಸಿದರೆ ಮುಗೀತು.

ಪ್ರತಿ ಸಲ ಸೊನ್ನೆಗೆ ಇಳಿಯದೆ ಬದಲಾಯಿಸುವ ಉಪಾಯವೂ ಇದೆ. ಅದನ್ನು ಕಂಡುಹಿಡಿಯಲು ನನಗೆ ಎರಡು ವಾರ ಹಿಡಿಯಿತು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೆಟ್ ಟಾಪ್ ಬಾಕ್ಸ್ ಮುಟ್ಟಲಿಲ್ಲ. ಅದು ಯಾವಾಗಲೂ ಆನ್, ಅದರ ವಾಲ್ಯೂಮ್ ಪೂರ್ತಿ ಏರಿಸಿಟ್ಟಿದ್ದೇನೆ. ಅದೇ ಎಲ್‌ಇಡಿಯಿಂದ ಪಕ್ಕದ ಕೋಣೆಯ ಎಸಿಗೂ ಕೋಡ್ ಕಳಿಸಲು ಹೋಗಿ, ಗೋಡೆ ಅಡ್ಡ ಇರುವುದು ಆಮೇಲೆ ನೆನಪಾಯಿತು. ಭಾವ ಈಗ ಅವರ ಮನೆಗೂ ಒಂದು ಮಾಡಿಕೊಡು ಅಂತಿದ್ದಾರೆ. ಅವರ ಟೀವಿ ಬೇರೆ ಕಂಪನಿಯದು, ಕೋಡುಗಳನ್ನು ಮೊದಲಿಂದ ಹುಡುಕಬೇಕು.